ಪಿಎನ್‌ಜಿ ಮಾಡಿದ ಮಾತ್ರಕ್ಕೆ ಚಿತ್ರ ತಿಳಿಯಾಗದು

ಹಳೆಯ ಫೋಟೊಗಳ ಫೋಲ್ಡರನ್ನು ಒಂದೇ ಏಟಿಗೆ ಜೆಪೆಗ್‌ನಿಂದ ಪಿಎನ್‌ಜಿಗೆ ಬದಲಿಸಿದರೆ ಚಿತ್ರಗಳು ಸ್ಪಷ್ಟವಾಗುತ್ತವೆ ಎಂದು ಹಲವರು ನಂಬಿದ್ದಾರೆ. ಆಗುವುದು ಇಷ್ಟೇ: ಫೈಲ್‌ಗಳು ಸಾಮಾನ್ಯವಾಗಿ ಹಲವು ಪಟ್ಟು ದೊಡ್ಡದಾಗುತ್ತವೆ, ಚಿತ್ರ ಇದ್ದಂತೆಯೇ ಇರುತ್ತದೆ.

ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಚೌಕಗಳಾಗಿ ಒಡೆದು, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಮರಳಿ ಬಾರದು. ಪಿಎನ್‌ಜಿ ಏನನ್ನೂ ಬಿಡುವುದಿಲ್ಲ, ನಿಜ. ಆದರೆ ತನ್ನ ಕೈಗೆ ಬಂದದ್ದನ್ನಷ್ಟೇ ಅದು ಕಾಪಾಡುತ್ತದೆ, ಕಲೆಗಳನ್ನೂ ಸೇರಿಸಿ.

ಜೆಪೆಗ್ ಆಗಿ ವಾಟ್ಸ್ಆ್ಯಪ್‌ನಲ್ಲಿ ಬಂದ ಮದುವೆಯ ಕರೆಯೋಲೆಯನ್ನು ಹಿಗ್ಗಿಸಿ ನೋಡಿ. ಅಕ್ಷರಗಳ ಅಂಚಿನ ಸುತ್ತ ಮಸುಕು ಚುಕ್ಕೆಗಳು ಕಾಣುತ್ತವೆ. ಪಿಎನ್‌ಜಿ ಪ್ರತಿಯಲ್ಲೂ ಅವೇ ಚುಕ್ಕೆಗಳು, ಅದೇ ಜಾಗದಲ್ಲಿ. ವಿನ್ಯಾಸದ ಮೂಲ ಫೈಲ್‌ನಿಂದ ನೇರವಾಗಿ ಪಿಎನ್‌ಜಿ ತೆಗೆದರೆ ಮಾತ್ರ ಅಂಚು ಚೊಕ್ಕವಾಗಿರುತ್ತದೆ.

ಕ್ಯಾಮೆರಾದ ಫೋಟೊಗಳಿಗೆ ಜೆಪೆಗ್ ಸಾಕು. ಅಕ್ಷರ, ಗೆರೆ, ಲೋಗೊ, ಸ್ಕ್ರೀನ್‌ಶಾಟ್, ಪಾರದರ್ಶಕ ಹಿನ್ನೆಲೆ ಇದ್ದಲ್ಲಿ ಪಿಎನ್‌ಜಿ ಸರಿ. ಜೆಪೆಗ್ ಫೋಟೊವನ್ನು ಮತ್ತೆ ಮತ್ತೆ ತಿದ್ದುವುದಿದ್ದರೆ ನಡುವಿನ ಪ್ರತಿಗಳನ್ನು ಪಿಎನ್‌ಜಿಯಲ್ಲಿ ಉಳಿಸಿ. ಪ್ರತಿ ಸಲ ಉಳಿಸಿದಾಗ ಆಗುವ ಹೊಸ ನಷ್ಟ ತಪ್ಪುತ್ತದೆ. ಹಳೆಯ ನಷ್ಟ ತುಂಬಬೇಕಾದರೆ ಮೂಲ ಫೈಲನ್ನೇ ಹುಡುಕಿ.