ಬುಧವಾರದ ಬ್ಯುರೆಟ್

ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಒಟ್ಟು 100 ಅಂಕ. ಅದರಲ್ಲಿ 70 ಥಿಯರಿಗೆ, 30 ಪ್ರಾಕ್ಟಿಕಲ್‌ಗೆ. ಥಿಯರಿಗೆ ಟ್ಯೂಷನ್ ಇದೆ, ಗೈಡು ಇದೆ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇದೆ. ನಿದ್ದೆ ಬಾರದಿದ್ದರೆ ನಡುರಾತ್ರಿಯಲ್ಲೂ ಪುಸ್ತಕ ತೆರೆಯಬಹುದು. ಬ್ಯುರೆಟ್ ಮಾತ್ರ ಮನೆಯಲ್ಲಿರುವುದಿಲ್ಲ. ಅದು ಕೈಗೆ ಸಿಗುವುದು ವಾರಕ್ಕೊಮ್ಮೆ, ತನ್ನ ಬ್ಯಾಚಿನ ಸರದಿ ಬಂದಾಗ, ಸುಮಾರು 2 ಗಂಟೆ. ಅದರಲ್ಲೂ ಹಾಜರಿ, ಸೂಚನೆ, ಗಾಜಿನ ಸಾಮಾನು ತೊಳೆಯುವುದು ಎಂದು ಒಂದಿಷ್ಟು ಹೊತ್ತು ಹೋಗುತ್ತದೆ.

ಪ್ರಾಕ್ಟಿಕಲ್ ಪರೀಕ್ಷೆ ಸಾಮಾನ್ಯವಾಗಿ ಥಿಯರಿ ಪರೀಕ್ಷೆಗಿಂತ ಮೊದಲೇ ಮುಗಿಯುತ್ತದೆ. ಅದು ಬರುವುದು ಪ್ರಿಪರೇಟರಿ ಪರೀಕ್ಷೆಗಳ ಗಡಿಬಿಡಿಯ ನಡುವೆ. ಹಾಗಾಗಿ ‘ಥಿಯರಿ ಮುಗಿಸಿ ಆಮೇಲೆ ಲ್ಯಾಬ್ ನೋಡೋಣ’ ಎಂಬ ಲೆಕ್ಕ ಎಂದೂ ಕೂಡಿಬರುವುದಿಲ್ಲ. ಕೂಡಿಬರುವ ದಾರಿ ಇನ್ನೊಂದಿದೆ. ಲ್ಯಾಬಿನ ಆ 2 ಗಂಟೆಯನ್ನು ವಾರದ ನಡುವೆ ನೆಟ್ಟು, ಥಿಯರಿಯ ಓದನ್ನು ಅದರ ಸುತ್ತ ಕಟ್ಟುವುದು. ನಮ್ಮ ಮಕ್ಕಳು ಅತಿ ಹೆಚ್ಚು ಬಾರಿ ಮಾಡುವ ಒಂದೇ ಪ್ರಯೋಗವನ್ನು, ಅಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಶನ್ನನ್ನು ಹಿಡಿದು, ಇದು ಹೇಗೆ ನಡೆಯುತ್ತದೆ ಎಂದು ನೋಡೋಣ. ಲ್ಯಾಬ್ ಬುಧವಾರ ಎಂದಿಟ್ಟುಕೊಳ್ಳಿ.

ಮಂಗಳವಾರ ರಾತ್ರಿ ಅರ್ಧ ಗಂಟೆ ಸಾಕು. ಅಬ್ಸರ್ವೇಶನ್ ಬುಕ್ಕಿನಲ್ಲಿ ರೀಡಿಂಗಿನ ಖಾಲಿ ಕೋಷ್ಟಕ ಎಳೆದು, ಸಮೀಕರಣವನ್ನು ನೆನಪಿನಿಂದ ಬರೆಯಬೇಕು:

2MnO₄⁻ + 5C₂O₄²⁻ + 16H⁺ → 2Mn²⁺ + 10CO₂ + 8H₂O

ಇದರಲ್ಲಿರುವ 2 ಮತ್ತು 5 ಎಂಬ ಅಂಕಿಗಳ ಮೇಲೆಯೇ ಮರುದಿನದ ಲೆಕ್ಕವೆಲ್ಲ ನಿಂತಿದೆ. ಆಮೇಲೆ ಕೆಲಸದ ಕ್ರಮವನ್ನು ತನ್ನ ಮಾತಿನಲ್ಲೇ ಬರೆದುಕೊಳ್ಳಬೇಕು. ಬ್ಯುರೆಟ್ಟಿಗೆ ಪರ್ಮಾಂಗನೇಟ್, ಪಿಪೆಟ್ಟಿನಲ್ಲಿ 20 ಮಿ.ಲೀ. ಆಕ್ಸಾಲಿಕ್ ಆಮ್ಲ, ಕಾನಿಕಲ್ ಫ್ಲಾಸ್ಕಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, ನಂತರ 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ. ಬೋರ್ಡಿನ ಮೇಲೆ ಇದ್ದದ್ದನ್ನು ಲ್ಯಾಬಿಗೆ ಹೋದಮೇಲೆ ನಕಲು ಮಾಡಿಕೊಳ್ಳುತ್ತಾ ಕೂತವರಿಗೆ ಎರಡನೇ ಟೈಟ್ರೇಶನ್ ಮುಗಿಯುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ.

ಬುಧವಾರ ಲ್ಯಾಬಿನಲ್ಲಿ ಮೊದಲು ತೊಳೆಯುವ ಕೆಲಸ. ಇದು ಬೇಸರದ ಕೆಲಸ ಅನ್ನಿಸಿದರೂ ಅರ್ಧ ತಪ್ಪುಗಳು ಹುಟ್ಟುವುದು ಇಲ್ಲೇ. ಬ್ಯುರೆಟ್ಟನ್ನು ನೀರಿನಿಂದ ತೊಳೆದ ಮೇಲೆ ಸ್ವಲ್ಪ ಪರ್ಮಾಂಗನೇಟ್ ಹಾಕಿ ತೊಳೆದು ಚೆಲ್ಲಬೇಕು. ಇಲ್ಲದಿದ್ದರೆ ಒಳಗೆ ಅಂಟಿರುವ ನೀರು ದ್ರಾವಣವನ್ನು ತೆಳುವಾಗಿಸಿ ರೀಡಿಂಗ್ ಹೆಚ್ಚು ಬರುತ್ತದೆ. ಪಿಪೆಟ್ಟಿಗೂ ಹೀಗೆಯೇ, ಅದರಲ್ಲಿ ತೆಗೆಯುವ ಆಕ್ಸಾಲಿಕ್ ಆಮ್ಲದಿಂದಲೇ ತೊಳೆಯಬೇಕು. ಕಾನಿಕಲ್ ಫ್ಲಾಸ್ಕಿನ ನಿಯಮ ಮಾತ್ರ ಬೇರೆ. ಅದಕ್ಕೆ ಬಟ್ಟಿ ಇಳಿಸಿದ ನೀರು ಬಿಟ್ಟು ಇನ್ನೇನೂ ಕೂಡದು. ಆಮ್ಲದಿಂದ ತೊಳೆದರೆ ಅಳತೆಗೆ ಸಿಗದ ಹೆಚ್ಚುವರಿ ಆಮ್ಲ ಒಳಗೆ ಉಳಿಯುತ್ತದೆ. ನೀರು ಉಳಿದರೆ ತೊಂದರೆಯಿಲ್ಲ, ಏಕೆಂದರೆ ಪಿಪೆಟ್ಟಿನಿಂದ ಬಿದ್ದ ಆಮ್ಲದ ಮೋಲುಗಳ ಸಂಖ್ಯೆ ನೀರಿನಿಂದ ಬದಲಾಗುವುದಿಲ್ಲ. ವೈವಾದಲ್ಲಿ ಕೇಳಲು ಹೇಳಿ ಮಾಡಿಸಿದ ಪ್ರಶ್ನೆ ಇದು. ಬಾಯಿಪಾಠ ಮಾಡಿದವರು ತಡವರಿಸುವುದೂ ಇಲ್ಲೇ.

ಬ್ಯುರೆಟ್ ತುಂಬಿದ ಮೇಲೆ ಫನೆಲ್ ತೆಗೆದಿಡಬೇಕು. ಅದರ ತುದಿಯಲ್ಲಿ ನಿಂತ ಹನಿ ಟೈಟ್ರೇಶನ್ ನಡುವೆ ಬಿದ್ದರೆ ರೀಡಿಂಗ್ ಕಡಿಮೆ ತೋರುತ್ತದೆ. ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದು ನಡುವೆ ಹೊರಟುಹೋದರೆ ಹೆಚ್ಚು ತೋರುತ್ತದೆ. ಪರ್ಮಾಂಗನೇಟ್ ಗಾಢ ನೇರಳೆಯಾದ್ದರಿಂದ ಮೆನಿಸ್ಕಸ್‌ನ ತಳ ಕಾಣಿಸದು, ಮೇಲಂಚನ್ನೇ ಓದಬೇಕು. ಹಾಗೆ ನೋಡಿದರೆ ಮೇಲಂಚೋ ತಳವೋ ಎಂಬುದು ಅಷ್ಟು ದೊಡ್ಡ ಸಂಗತಿಯಲ್ಲ. ಮೊದಲೂ ಕೊನೆಗೂ ಒಂದೇ ಅಂಚನ್ನು ಓದಿದರೆ ಕಳೆಯುವಾಗ ವ್ಯತ್ಯಾಸ ತಾನೇ ಹೋಗಿಬಿಡುತ್ತದೆ. ಒಮ್ಮೆ ಅದು, ಒಮ್ಮೆ ಇದು ಎಂದಾಗಲೇ ಎಡವಟ್ಟು.

ಈಗ ಬಿಸಿ ಫ್ಲಾಸ್ಕಿಗೆ ಮೊದಲ ಹನಿಗಳು ಬೀಳುತ್ತವೆ. ಬಣ್ಣ ಹೋಗುವುದೇ ಇಲ್ಲ! ಹೊಸಬರು ಗಾಬರಿಯಾಗುವುದು ಈ ಹೊತ್ತಿಗೆ. ಎಂಡ್ ಪಾಯಿಂಟ್ ಆಗಲೇ ಬಂತೇನೋ ಎಂದುಕೊಂಡು ಕೆಲವರು ಫ್ಲಾಸ್ಕನ್ನು ಚೆಲ್ಲಿಯೂ ಬಿಡುತ್ತಾರೆ. ಸುಮ್ಮನೆ ಅಲುಗಾಡಿಸುತ್ತಾ ಕಾಯಬೇಕು. ಸ್ವಲ್ಪ ಹೊತ್ತಿಗೆ ಗುಲಾಬಿ ಬಣ್ಣ ಮಾಯವಾಗುತ್ತದೆ, ಅಲ್ಲಿಂದಾಚೆ ಹನಿ ಬಿದ್ದ ಕ್ಷಣವೇ ಬಣ್ಣ ಹೋಗತೊಡಗುತ್ತದೆ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಅದೇ ಕ್ರಿಯೆಗೆ ವೇಗವರ್ಧಕವಾಗುವುದು ಇದಕ್ಕೆ ಕಾರಣ. ಮೊದಲ ಹನಿಗೆ ಆ ನೆರವು ಇರುವುದಿಲ್ಲ, ಆಮೇಲಿನ ಹನಿಗಳಿಗೆ ಇರುತ್ತದೆ. ಬಿಸಿ ಮಾಡುವುದೂ ವೇಗಕ್ಕಾಗಿಯೇ. ಆದರೆ ಕುದಿಸಬಾರದು, ಆಕ್ಸಾಲಿಕ್ ಆಮ್ಲವೇ ಒಡೆದುಹೋಗಬಹುದು.

ಫ್ಲಾಸ್ಕಿನಲ್ಲಿ ಗುಲಾಬಿಯ ಬದಲು ಕಂದು ಕಂಡರೆ ಅದು ಮ್ಯಾಂಗನೀಸ್ ಡೈಆಕ್ಸೈಡ್. ಸಲ್ಫ್ಯೂರಿಕ್ ಆಮ್ಲ ಕಡಿಮೆ ಬಿದ್ದಿರಬಹುದು, ದ್ರಾವಣ ತಣ್ಣಗಾಗಿರಬಹುದು, ಇಲ್ಲವೇ ಪರ್ಮಾಂಗನೇಟ್ ಸುರಿದದ್ದು ಅವಸರವಾಗಿರಬಹುದು. ಆ ಫ್ಲಾಸ್ಕನ್ನು ಉಳಿಸಿಕೊಳ್ಳಲು ಹೆಣಗುವುದು ವ್ಯರ್ಥ, ಹೊಸದಾಗಿ ಪಿಪೆಟ್ ಮಾಡುವುದೇ ಲೇಸು. ಎಲ್ಲ ಸರಿಯಾಗಿದ್ದರೆ, ಒಂದೇ ಹನಿಗೆ ಬಂದು ಅರ್ಧ ನಿಮಿಷ ಉಳಿಯುವ ತಿಳಿ ಗುಲಾಬಿಯೇ ಎಂಡ್ ಪಾಯಿಂಟ್. ಕಡು ಗುಲಾಬಿ ಆಯಿತೆಂದರೆ ದಾಟಿಹೋಗಿದೆ.

ಮೂರು ರೀಡಿಂಗ್ ಬಂದವು ಎನ್ನಿ: 20.1, 19.6, 19.6 ಮಿ.ಲೀ. ಮೊದಲನೆಯದು ಅಂದಾಜಿನದು, ಒಂದಕ್ಕೊಂದು ಹೊಂದಿದ ಕೊನೆಯ ಎರಡನ್ನು ಹಿಡಿಯಬೇಕು. ಆಕ್ಸಾಲಿಕ್ ಆಮ್ಲ 0.05 ಮೋಲಾರ್ ಇದ್ದರೆ 20 ಮಿ.ಲೀ.ಯಲ್ಲಿ ಅದು 1 ಮಿಲಿಮೋಲ್. ನಿನ್ನೆ ರಾತ್ರಿ ಬರೆದ ಸಮೀಕರಣದ ಪ್ರಕಾರ 5 ಮೋಲ್ ಆಕ್ಸಾಲೇಟಿಗೆ 2 ಮೋಲ್ ಪರ್ಮಾಂಗನೇಟ್ ಬೇಕು. ಹಾಗಾದರೆ 1 ಮಿಲಿಮೋಲಿಗೆ 0.4 ಮಿಲಿಮೋಲ್. ಅದು 19.6 ಮಿ.ಲೀ.ಯಲ್ಲಿದೆ ಎಂದರೆ ಪರ್ಮಾಂಗನೇಟ್ 0.0204 ಮೋಲಾರ್. ಅಣುತೂಕ 158ರಿಂದ ಗುಣಿಸಿದರೆ ಲೀಟರಿಗೆ ಸುಮಾರು 3.22 ಗ್ರಾಂ. ಸೂತ್ರ ಮರೆತರೂ ಈ ದಾರಿಯಲ್ಲಿ ನಡೆದು ಉತ್ತರ ಮುಟ್ಟಬಹುದು. ಲೆಕ್ಕವನ್ನು ಲ್ಯಾಬಿನಲ್ಲೇ ಮುಗಿಸಿದರೆ ಒಳ್ಳೆಯದು. ಉತ್ತರ ವಿಚಿತ್ರವಾಗಿ ಬಂದರೆ ಇನ್ನೊಮ್ಮೆ ಟೈಟ್ರೇಟ್ ಮಾಡಲು ಬ್ಯುರೆಟ್ ಇನ್ನೂ ಎದುರಿಗಿರುತ್ತದೆ.

ಥಿಯರಿ ಸೇರಿಕೊಳ್ಳುವುದು ಬುಧವಾರ ಸಂಜೆ. ಆ ದಿನ ರಸಾಯನಶಾಸ್ತ್ರಕ್ಕೆಂದು ಇಟ್ಟ ಒಂದು ಗಂಟೆಯಲ್ಲಿ, ಪಾಠದ ಸರದಿ ಏನೇ ಇರಲಿ, ಬೆಳಿಗ್ಗೆ ಕಂಡದ್ದು ಪುಸ್ತಕದಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಬೇಕು. ಮೊದಲ ಹನಿ ತಡೆದದ್ದು ಮತ್ತು ಬಿಸಿ ಮಾಡಿದ್ದು ರಾಸಾಯನಿಕ ಕ್ರಿಯಾವೇಗದ ಅಧ್ಯಾಯಕ್ಕೆ ಸೇರುತ್ತದೆ. ಪರ್ಮಾಂಗನೇಟಿನ ಉತ್ಕರ್ಷಣ ಗುಣ ಡಿ-ಬ್ಲಾಕ್ ಅಧ್ಯಾಯದಲ್ಲಿದೆ, ಮೋಲಾರಿಟಿ ದ್ರಾವಣಗಳ ಅಧ್ಯಾಯದಲ್ಲಿ. ಎಲ್ಲಕ್ಕಿಂತ ಸೊಗಸಾದದ್ದು ‘ಸಲ್ಫ್ಯೂರಿಕ್ ಆಮ್ಲವೇ ಏಕೆ, ಹೈಡ್ರೋಕ್ಲೋರಿಕ್ ಏಕಾಗದು’ ಎಂಬ ಪ್ರಶ್ನೆ. ಅದರ ಉತ್ತರ ವಿದ್ಯುತ್ ರಸಾಯನಶಾಸ್ತ್ರದ ಕೋಷ್ಟಕದಲ್ಲಿ ಕೂತಿದೆ. ಆಮ್ಲೀಯ ದ್ರಾವಣದಲ್ಲಿ ಪರ್ಮಾಂಗನೇಟಿನ ಮಾನಕ ಇಲೆಕ್ಟ್ರೋಡ್ ವಿಭವ 1.51 ವೋಲ್ಟ್, ಕ್ಲೋರಿನ್ನಿನದು 1.36. ಹಾಗಾಗಿ ಪರ್ಮಾಂಗನೇಟ್ ಕ್ಲೋರೈಡನ್ನೂ ಕ್ಲೋರಿನ್ ಆಗಿ ಉತ್ಕರ್ಷಿಸಬಲ್ಲದು, ಅಳತೆ ಕೆಡುತ್ತದೆ. ನೈಟ್ರಿಕ್ ಆಮ್ಲವಂತೂ ತಾನೇ ಉತ್ಕರ್ಷಣಕಾರಿ. ಒಂದು ಟೈಟ್ರೇಶನ್ ನಾಲ್ಕು ಅಧ್ಯಾಯಗಳಿಗೆ ಕೈಚಾಚುತ್ತದೆ. ಲ್ಯಾಬಿಗೆ ಕೊಟ್ಟ ಹೊತ್ತು ಥಿಯರಿಯಿಂದ ಕದ್ದದ್ದು ಎಂದು ಕೊರಗುವವರು ಈ ಸಂಜೆಯ ಗಂಟೆಯನ್ನೊಮ್ಮೆ ಮಾಡಿ ನೋಡಬೇಕು.

ರೆಕಾರ್ಡ್ ಬರೆಯುವುದು ಗುರುವಾರ, ಮುಂದೂಡದೆ. ಡಿಸೆಂಬರಿನಲ್ಲಿ ಗೆಳೆಯನ ರೆಕಾರ್ಡ್ ತಂದು ರಾತ್ರಿಯಿಡೀ ನಕಲು ಮಾಡುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಅದರಿಂದ ಸಹಿ ಸಿಗುತ್ತದೆ, ಅಷ್ಟೆ.

ಸಾಲ್ಟ್ ಅನಾಲಿಸಿಸ್ ಬರುವ ವಾರವೂ ಇದೇ ಚೌಕಟ್ಟು, ಆದರೆ ಒತ್ತು ಬೇರೆ. ಅಲ್ಲಿ ಕೈಗಿಂತ ಕ್ರಮ ಮುಖ್ಯ. ಮೂರನೇ ಗುಂಪಿನ ಪರೀಕ್ಷೆಯಲ್ಲಿ ಮೊದಲು ಅಮೋನಿಯಂ ಕ್ಲೋರೈಡ್, ಆಮೇಲೆ ಅಮೋನಿಯಂ ಹೈಡ್ರಾಕ್ಸೈಡ್. ಮೊದಲನೆಯದನ್ನು ಬಿಟ್ಟರೆ ಹೈಡ್ರಾಕ್ಸೈಡ್ ಅಯಾನುಗಳು ಹೆಚ್ಚಾಗಿ ಮೆಗ್ನೀಸಿಯಂ ಕೂಡ ಬಿಳಿಯಾಗಿ ಒತ್ತರಿಸಬಹುದು. ವಿದ್ಯಾರ್ಥಿ ಅದನ್ನು ಅಲ್ಯುಮಿನಿಯಂ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ಇದು ಪ್ರಥಮ ಪಿಯುಸಿಯ ಸಮತೋಲನ ಪಾಠದ ಸಮಾನ ಅಯಾನು ಪರಿಣಾಮ. ಮೊದಲ ವರ್ಷದ ಪಠ್ಯವನ್ನು ಅಟ್ಟಕ್ಕೆ ಎಸೆದವರು ಕೆಳಗಿಳಿಸಬೇಕಾಗುತ್ತದೆ.

ಲ್ಯಾಬಿನಲ್ಲಿ ಸದ್ದಿಲ್ಲದೆ ನಡೆಯುವ ಇನ್ನೊಂದು ಸಂಗತಿಯಿದೆ. ಜಾಗ, ಉಪಕರಣ ಸಾಲದೆ ಇಬ್ಬರಿಗೆ ಒಂದು ಬ್ಯುರೆಟ್ ಕೊಡುವುದುಂಟು. ಚುರುಕಿನವರು ಸ್ಟಾಪ್‌ಕಾಕ್ ಹಿಡಿಯುತ್ತಾರೆ, ಅಕ್ಷರ ಚೆನ್ನಾಗಿರುವವರು ರೀಡಿಂಗ್ ಬರೆಯುತ್ತಾರೆ. ವರ್ಷವಿಡೀ ಹೀಗೆಯೇ ಸಾಗಿದರೆ ಪರೀಕ್ಷೆಯ ದಿನ ಬರೆಯುವವರಿಗೆ ಸ್ಟಾಪ್‌ಕಾಕ್ ಹೊಸದು, ಹಿಡಿದವರಿಗೆ ಲೆಕ್ಕ ಹೊಸದು. ಮೊದಲ ಟೈಟ್ರೇಶನ್ ಒಬ್ಬರು, ಎರಡನೆಯದು ಇನ್ನೊಬ್ಬರು ಎಂದು ಜೂನ್‌ನಲ್ಲೇ ಒಪ್ಪಂದ ಮಾಡಿಕೊಂಡರೆ ಮುಗಿಯಿತು. ಲೆಕ್ಚರರ್ ಹೇಳುವವರೆಗೆ ಕಾಯಬೇಕಿಲ್ಲ.

ನಿಗದಿತ ಪ್ರಯೋಗಗಳು ಮುಗಿದ ಮೇಲೆ, ಪ್ರಿಪರೇಟರಿ ಶುರುವಾಗುವ ಮುನ್ನ, ಲ್ಯಾಬಿನಲ್ಲಿ ಕೆಲವು ಬಿಡುವಿನ ಅವಧಿಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನಾದರೂ ಕೇಳಿ ಪಡೆದು, ಒಬ್ಬರೇ ನಿಂತು, ಪುಸ್ತಕ ಮುಚ್ಚಿಟ್ಟು, ಗಡಿಯಾರ ನೋಡಿಕೊಂಡು ಒಂದು ಟೈಟ್ರೇಶನ್ ಮತ್ತು ಒಂದು ಸಾಲ್ಟ್ ಮಾಡಬೇಕು. ಸಾಲ್ಟ್‌ನ ಹೆಸರು ಗೊತ್ತಿಲ್ಲದ ಸೀಸೆಯನ್ನೇ ಕೇಳಬೇಕು. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಬ್ಸರ್ವೇಶನ್ ಬುಕ್ಕಿನ ಅಂಚಿನಲ್ಲಿ ಬರೆದಿಟ್ಟರೆ, ಪರೀಕ್ಷೆಯ ದಿನ ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂಬ ಗೊಂದಲ ಉಳಿಯುವುದಿಲ್ಲ. ಅಂದು ರೀಡಿಂಗುಗಳು ಹೊಂದದಿದ್ದರೆ ಹೊಂದಿಸಿ ಬರೆಯಬಾರದು. ದ್ರಾವಣ ತಯಾರಿಸಿದವರಿಗೆ ಅದರ ಸಾಂದ್ರತೆ ಗೊತ್ತಿರುತ್ತದೆ, ಉತ್ತರ ನೋಡಿದ ಕೂಡಲೇ ಅಂದಾಜು ಹತ್ತುತ್ತದೆ. ಬಂದದ್ದನ್ನು ಬಂದಂತೆ ಬರೆದು, ಬ್ಯುರೆಟ್ಟನ್ನು ಮತ್ತೆ ಸೊನ್ನೆಯವರೆಗೆ ತುಂಬಿ, ಇನ್ನೊಂದು ಟೈಟ್ರೇಶನ್ ಮಾಡಲು ಬೇಕಾಗುವುದು ಹತ್ತು ನಿಮಿಷ.