ಅದೇ ಸಂಶೋಧನೆ, ಬೇರೆ ಜರ್ನಲ್

ಇಲಿಗಳ ನೆನಪಿನ ಬಗೆಗಿನ ಒಂದು ಪೇಪರನ್ನು ‘ನೇಚರ್’ ವಾಪಸು ಕಳಿಸಿತು ಎಂದುಕೊಳ್ಳೋಣ. ಸಂಶೋಧಕರು ಅದನ್ನೀಗ ‘ಜರ್ನಲ್ ಆಫ್ ನ್ಯೂರೋಸೈನ್ಸ್’ಗೆ ಕಳಿಸಬೇಕು. ಪ್ರಯೋಗ ಅದೇ, ಅಂಕಿಅಂಶಗಳೂ ಅವೇ. ಆದರೆ ಆ ಪತ್ರಿಕೆಯ ಕಟ್ಟಳೆಗಳೇ ಬೇರೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೊಡುವುದು ವಿಭಾಗಗಳ ಕ್ರಮ. ನೇಚರ್‌ನಲ್ಲಿ ಪ್ರಯೋಗದ ವಿಧಾನ ಲೇಖನದ ಕೊನೆಗೆ ಬರುತ್ತದೆ. ಇಲ್ಲಿ ಅದು ಪೀಠಿಕೆಯ ಬೆನ್ನಿಗೇ, ಫಲಿತಾಂಶಕ್ಕೂ ಮೊದಲು ಬರಬೇಕು. ಕತ್ತರಿಸಿ ಮೇಲೆ ಅಂಟಿಸಿದರೆ ಮುಗಿಯಿತು ಎನಿಸುತ್ತದೆ, ಮುಗಿಯುವುದಿಲ್ಲ. ವಿಧಾನವನ್ನು ಇನ್ನೂ ಓದಿರದ ಓದುಗರಿಗಾಗಿ ಫಲಿತಾಂಶದಲ್ಲಿ ‘ಇಲಿಗಳಿಗೆ ಐದು ದಿನ ತರಬೇತಿ ಕೊಟ್ಟೆವು’ ಎಂದು ನೆನಪಿಸಿದ್ದ ಸಾಲುಗಳು ಈಗ ಪುನರುಕ್ತಿಯಾಗುತ್ತವೆ. ಫಲಿತಾಂಶದಲ್ಲಿ ಬಿಡಿಸಿ ಹೇಳಿದ್ದ ಸಂಕ್ಷಿಪ್ತಾಕ್ಷರಗಳು ವಿಧಾನದಲ್ಲೇ, ವಿವರಣೆಯಿಲ್ಲದೆ, ಮೊದಲು ಎದುರಾಗುತ್ತವೆ. ಉಪಕರಣದ ಚಿತ್ರ ಈಗ ಒಂದನೆಯದಾಗುವುದರಿಂದ ಉಳಿದ ಚಿತ್ರಗಳ ಸಂಖ್ಯೆಗಳೂ ಬದಲಾಗಬೇಕು. ಪರೀಕ್ಷಿಸುವ ದಾರಿ ಸರಳ: ಕಡತದಲ್ಲಿ ‘ಚಿತ್ರ’ ಎಂಬ ಪದವನ್ನು ಹುಡುಕುತ್ತ ಹೋದರೆ ಮೊದಲ ಉಲ್ಲೇಖಗಳು 1, 2, 3 ಎಂಬ ಕ್ರಮದಲ್ಲೇ ಸಿಗಬೇಕು.

ಇನ್ನು ರೆಫರೆನ್ಸ್. ನೇಚರ್ ಪದದ ಹೆಗಲ ಮೇಲೆ ಪುಟ್ಟ ಅಂಕಿ ಕೂರಿಸುತ್ತದೆ; ಇಲ್ಲಿ ಲೇಖಕರ ಹೆಸರು, ವರ್ಷ ಬರೆಯಬೇಕು, ಕೊನೆಯ ಪಟ್ಟಿ ಅಕಾರಾದಿಯಾಗಿರಬೇಕು. ಜೊಟೇರೊ, ಎಂಡ್‌ನೋಟ್‌ನಂಥ ತಂತ್ರಾಂಶ ಕ್ಷಣದಲ್ಲಿ ಶೈಲಿ ಬದಲಿಸುತ್ತದೆ. ಆದರೆ ಕೈಯಲ್ಲೇ ಟೈಪ್ ಮಾಡಿದ ‘12ನೇ ರೆಫರೆನ್ಸ್ ನೋಡಿ’ ಎಂಬಂಥ ಮಾತು ಹಾಗೇ ಉಳಿಯುತ್ತದೆ. ‘ರಾವ್ ತೋರಿಸಿದಂತೆ’ ಎಂದಿದ್ದಲ್ಲಿ ಆವರಣದೊಳಗೆ ರಾವ್ ಹೆಸರು ಮತ್ತೊಮ್ಮೆ ಬರುತ್ತದೆ.

ಪದಮಿತಿಗೂ ಇದಕ್ಕೂ ನಂಟಿದೆ. ಪದಕ್ಕೆ ಅಂಟಿದ ಅಂಕಿ ಎಣಿಕೆಗೆ ಸೇರುವುದಿಲ್ಲ. ಹೆಸರು-ವರ್ಷದ ಉಲ್ಲೇಖವಾದರೆ ಇಂಗ್ಲಿಷಿನಲ್ಲಿ ನಾಲ್ಕು ಪದ ನುಂಗಬಹುದು; ಅಂಥ 20 ಉಲ್ಲೇಖಗಳಿಗೆ 80 ಪದ ಬೇಕು. ಈ ಪತ್ರಿಕೆಯ ಪೀಠಿಕೆಗೆ ಇರುವ ಮಿತಿ 650 ಪದ, ಚರ್ಚೆಗೆ 1,500. ಹಾಗಾಗಿ ಮೊದಲು ಶೈಲಿ ಬದಲಿಸಿ, ಆಮೇಲೆ ಕತ್ತರಿ ಹಿಡಿಯುವುದು ಒಳ್ಳೆಯದು. ಪೀಠಿಕೆಯಲ್ಲಿ ‘ಈ ತಂತ್ರವನ್ನೇ ಏಕೆ ಆರಿಸಿದೆವು’ ಎಂಬ ವಿವರಣೆಯಿದ್ದರೆ ಅದನ್ನು ಅಳಿಸದೆ ವಿಧಾನಕ್ಕೆ ಸಾಗಿಸಬಹುದು.

ಸಾರಾಂಶವನ್ನಂತೂ ಹೊಸದಾಗಿಯೇ ಬರೆಯಬೇಕು. ನೇಚರ್‌ನ ಸುಮಾರು 200 ಪದಗಳ ಸಾರಾಂಶದಲ್ಲಿ ರೆಫರೆನ್ಸ್‌ಗಳಿರುತ್ತವೆ; ಇಲ್ಲಿ 250 ಪದಗಳ ಅವಕಾಶವಿದ್ದರೂ ರೆಫರೆನ್ಸ್ ಸಲ್ಲದು. ಜೊತೆಗೆ ಸಂಶೋಧನೆಯ ಮಹತ್ವವನ್ನು 120 ಪದಗಳೊಳಗೆ, ತಜ್ಞರಲ್ಲದವರಿಗೂ ತಿಳಿಯುವಂತೆ, ಬೇರೆಯಾಗಿ ಹೇಳಬೇಕು.

ಇಂಥ ಹೊಂದಿಸುವಿಕೆಗೆ ಒಂದು ಪೇಪರಿಗೆ ಸುಮಾರು 14 ಗಂಟೆ ಹಿಡಿಯುತ್ತದೆ ಎಂದು 2019ರಲ್ಲಿ ‘ಪ್ಲಾಸ್ ಒನ್’ ಪ್ರಕಟಿಸಿದ ಸಮೀಕ್ಷೆಯೊಂದು ಅಂದಾಜಿಸಿತ್ತು. ಈ ಶ್ರಮವನ್ನು ಪೇಪರ್ ಒಪ್ಪಿಗೆಯಾದ ಮೇಲಷ್ಟೇ ಕೇಳುವುದು ನ್ಯಾಯ. ಎಲ್ಸೆವಿಯರ್‌ನ ಹಲವು ಜರ್ನಲ್‌ಗಳು ಮೊದಲ ಸಲ ಯಾವುದೇ ರೂಪದಲ್ಲಿ ಕಳಿಸಲು ಈಗಾಗಲೇ ಅವಕಾಶ ಕೊಟ್ಟಿವೆ.