ಅಡಿಟಿಪ್ಪಣಿ, ಅಂತ್ಯಟಿಪ್ಪಣಿ ಮತ್ತು ‘ಅದೇ’ ಎಂಬ ಪದ: ಕಡೂರು ಸೀಮೆಯ ಆಕರಗಳ ಹಿನ್ನೆಲೆಯಲ್ಲಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಧರ್ಮಕೇಂದ್ರವೊಂದರ ಚರಿತ್ರೆಯನ್ನು ಪ್ರಬಂಧದ ವಿಷಯವಾಗಿ ಆರಿಸಿಕೊಳ್ಳುವ ಗುರು ಅಭ್ಯರ್ಥಿಯು ತನ್ನ ಮೊದಲ ಅಧ್ಯಾಯದಲ್ಲಿಯೇ ಬಿ. ಎಲ್. ರೈಸ್ ಅವರನ್ನು ಎದುರುಗೊಳ್ಳುತ್ತಾನೆ. ಊರಿನ ಹಿನ್ನೆಲೆಗೆ ಅವರ ಮೈಸೂರು ಗೆಜೆಟಿಯರಿನ 1897ರ ಪರಿಷ್ಕೃತ ಆವೃತ್ತಿ ಬೇಕು, ಶಾಸನಗಳಿಗೆ 1901ರಲ್ಲಿ ಹೊರಬಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ ಬೇಕು, ರಾಜವಂಶಗಳ ಚೌಕಟ್ಟಿಗೆ 1909ರ ‘ಮೈಸೂರ್ ಅಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್’ ಬೇಕು. ಒಬ್ಬರೇ ಕರ್ತೃ, ಮೂರು ಗ್ರಂಥಗಳು, ಒಂದನ್ನೊಂದು ಹೋಲುವ ಹೆಸರುಗಳು. ಟಿಪ್ಪಣಿ–ಗ್ರಂಥಸೂಚಿ ಪದ್ಧತಿಯಲ್ಲಿ ಮರುಉಲ್ಲೇಖವನ್ನು ಹೇಗೆ ಸಂಕ್ಷೇಪಿಸಬೇಕು, ಟಿಪ್ಪಣಿಗಳನ್ನು ಪುಟದ ಅಡಿಯಲ್ಲಿಡಬೇಕೋ ಕೊನೆಯಲ್ಲಿಡಬೇಕೋ ಎಂಬ ಪ್ರಶ್ನೆಗಳನ್ನು ಪರಿಶೀಲಿಸಲು ಇದಕ್ಕಿಂತ ತಕ್ಕ ನಿದರ್ಶನ ಸಿಗಲಾರದು.

ಪದ್ಧತಿಯ ಮೂಲನಿಯಮ ಸರಳ. ಗ್ರಂಥವೊಂದನ್ನು ಮೊದಲ ಬಾರಿ ಉಲ್ಲೇಖಿಸುವಾಗ ಪೂರ್ಣ ವಿವರ ಕೊಡಬೇಕು; ಅನಂತರ ಕರ್ತೃವಿನ ಹೆಸರು, ಗ್ರಂಥದ ಕಿರುಹೆಸರು, ಪುಟಸಂಖ್ಯೆ ಇಷ್ಟೇ ಸಾಕು. ಕೆಳಗಿನ ಮಾದರಿಗಳಲ್ಲಿ ಪುಟಸಂಖ್ಯೆ ಮತ್ತು ಶಾಸನಸಂಖ್ಯೆಗಳು ರೂಪವನ್ನು ತೋರಿಸಲು ಮಾತ್ರ ಇವೆ.

1. ಬಿ. ಎಲ್. ರೈಸ್, ಮೈಸೂರ್: ಎ ಗೆಜೆಟಿಯರ್ ಕಂಪೈಲ್ಡ್ ಫಾರ್ ಗವರ್ನಮೆಂಟ್, ಪರಿಷ್ಕೃತ ಆವೃತ್ತಿ, ಸಂಪುಟ 2 (ವೆಸ್ಟ್‌ಮಿನ್‌ಸ್ಟರ್: ಆರ್ಚಿಬಾಲ್ಡ್ ಕಾನ್‌ಸ್ಟೇಬಲ್, 1897), 412.

ಮುಂದಿನ ಬಾರಿ:

5. ರೈಸ್, ಗೆಜೆಟಿಯರ್, 2:415.

ಇಲ್ಲಿ ಕಿರುಹೆಸರಿನ ಆಯ್ಕೆಯಲ್ಲಿ ವಿವೇಚನೆ ಬೇಕು. ಶೀರ್ಷಿಕೆಯ ಮೊದಲ ಪದವನ್ನೇ ಹಿಡಿದು ‘ರೈಸ್, ಮೈಸೂರ್’ ಎಂದು ಬರೆದರೆ ಅದು 1897ರ ಗೆಜೆಟಿಯರೋ 1909ರ ಗ್ರಂಥವೋ ತಿಳಿಯದು. ಶಾಸನಸಂಪುಟವನ್ನು ‘ರೈಸ್, ಇನ್‌ಸ್ಕ್ರಿಪ್ಷನ್ಸ್’ ಎಂದರೂ ಅದೇ ತೊಡಕು, ಏಕೆಂದರೆ ಆ ಪದ 1909ರ ಗ್ರಂಥದ ಹೆಸರಿನಲ್ಲಿಯೂ ಇದೆ. ಆದುದರಿಂದ ಮೂರಕ್ಕೆ ಕ್ರಮವಾಗಿ ‘ಗೆಜೆಟಿಯರ್’, ‘ಎಪಿಗ್ರಾಫಿಯ’, ‘ಮೈಸೂರ್ ಅಂಡ್ ಕೂರ್ಗ್’ ಎಂದು ಗೊತ್ತುಮಾಡಿಕೊಂಡು, ಪ್ರಬಂಧದ ಉದ್ದಕ್ಕೂ ಅವನ್ನು ಬದಲಿಸದಿರುವುದು ಉಚಿತ.

ಶಾಸನಸಂಪುಟಕ್ಕೆ ಇನ್ನೂ ಒಂದು ವಿಶೇಷವಿದೆ. ಅದರಲ್ಲಿ ಮೂಲಪಾಠ, ಭಾಷಾಂತರ ಮೊದಲಾದ ಭಾಗಗಳಿಗೆ ಪುಟಸಂಖ್ಯೆ ಬೇರೆ ಬೇರೆಯಾಗಿ ಆರಂಭವಾಗುತ್ತದೆ. ಬರಿಯ ಪುಟಸಂಖ್ಯೆ ಕೊಟ್ಟರೆ ಓದುಗನು ತಪ್ಪು ಭಾಗಕ್ಕೆ ಹೋಗುವ ಸಂಭವವುಂಟು. ತಾಲ್ಲೂಕಿನ ಹೆಸರು ಮತ್ತು ಶಾಸನಸಂಖ್ಯೆಯೇ ಸರಿಯಾದ ಗುರುತು. ‘ರೈಸ್, ಎಪಿಗ್ರಾಫಿಯ, ತರೀಕೆರೆ 12’ ಎಂದರೆ ಸಾಕು. ಆದರೆ ಆ ಕಾಲದಲ್ಲಿ ಅಜ್ಜಂಪುರವು ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಅದು ಪ್ರತ್ಯೇಕ ತಾಲ್ಲೂಕಾದುದು ಈಚೆಗೆ. ಅಜ್ಜಂಪುರದ ಶಾಸನಕ್ಕೆ ‘ತರೀಕೆರೆ’ ಎಂಬ ಗುರುತನ್ನು ಕಂಡ ಇಂದಿನ ಓದುಗನು ಲೇಖಕನು ಊರನ್ನು ತಪ್ಪಿಸಿದನೆಂದು ಭಾವಿಸದಂತೆ ಮೊದಲ ಟಿಪ್ಪಣಿಯಲ್ಲಿಯೇ ಒಂದು ವಾಕ್ಯ ಸೇರಿಸಬೇಕು. ಆವೃತ್ತಿಯನ್ನೂ ಅಲ್ಲಿಯೇ ಹೇಳಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಪರಿಷ್ಕೃತ ಮಾಲೆಯಲ್ಲಿ ಸಂಪುಟಗಳ ಕ್ರಮವೇ ಬೇರೆ. ಅಲ್ಲಿ ಆರನೆಯ ಸಂಪುಟವು ಮಂಡ್ಯ ಸೀಮೆಯ ತಾಲ್ಲೂಕುಗಳದು. ವರ್ಷವಿಲ್ಲದ ‘ಸಂಪುಟ 6’ ಎಂಬ ಟಿಪ್ಪಣಿಯನ್ನು ನಂಬಿ ಹೊರಟವನು ಕಡೂರಿನ ಬದಲು ಶ್ರೀರಂಗಪಟ್ಟಣವನ್ನು ತಲುಪಿದರೆ ಅವನ ತಪ್ಪಲ್ಲ.

ಇನ್ನು ‘ಅದೇ’ ಎಂಬ ಪದದ ವಿಷಯ. ನಮ್ಮ ಹಳೆಯ ವಿದ್ವತ್ ಗ್ರಂಥಗಳಲ್ಲಿ ಲ್ಯಾಟಿನ್ನಿನ ‘ಇಬಿಡೆಂ’ಗೆ ಪ್ರತಿಯಾಗಿ ‘ಅದೇ’ ಎಂದೂ ‘ಓಪೆರೆ ಚಿತಾತೊ’ಗೆ ಪ್ರತಿಯಾಗಿ ‘ಪೂರ್ವೋಕ್ತ’ ಎಂದೂ ಬಳಸುವ ರೂಢಿಯಿದೆ. ಕೈಬರಹದ ಕಾಲಕ್ಕೆ ಅದು ಸಲ್ಲುತ್ತಿತ್ತು. ಈಗ ನೋಡಿ:

5. ರೈಸ್, ಗೆಜೆಟಿಯರ್, 2:415.
6. ಅದೇ, 2:416.

ಎರಡು ತಿಂಗಳ ಬಳಿಕ ಮಾರ್ಗದರ್ಶಕರ ಸೂಚನೆಯಂತೆ ಇವೆರಡರ ನಡುವೆ ಶಾಸನದ ಉಲ್ಲೇಖವೊಂದನ್ನು ಸೇರಿಸಲಾಗುತ್ತದೆ:

5. ರೈಸ್, ಗೆಜೆಟಿಯರ್, 2:415.
6. ರೈಸ್, ಎಪಿಗ್ರಾಫಿಯ, ತರೀಕೆರೆ 12.
7. ಅದೇ, 2:416.

ಗಣಕಯಂತ್ರವು ಆರನ್ನು ಏಳಾಗಿಸಿತು. ‘ಅದೇ’ ಎಂಬುದರ ಅರ್ಥವನ್ನು ಮಾತ್ರ ಕಾಯಲಿಲ್ಲ. ಇಲ್ಲಿ ಶಾಸನಸಂಖ್ಯೆಯ ಬೆನ್ನಿಗೆ ಸಂಪುಟ–ಪುಟದ ಸಂಖ್ಯೆ ಬಂದಿರುವುದರಿಂದ ಎಚ್ಚರದ ಪರೀಕ್ಷಕನಿಗೆ ದೋಷ ಕಂಡೀತು. ನಡುವೆ ಬಂದದ್ದು ಇನ್ನೊಂದು ಗೆಜೆಟಿಯರ್ ಆಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಶಿಕಾಗೊ ಕೈಪಿಡಿಯ 17ನೆಯ ಆವೃತ್ತಿ (2017) ‘ಇಬಿಡೆಂ’ಗಿಂತ ಸಂಕ್ಷಿಪ್ತ ಟಿಪ್ಪಣಿಯೇ ಮೇಲೆಂದು ಹೇಳಿದೆ. ‘ಪೂರ್ವೋಕ್ತ’ವಂತೂ ಇನ್ನೂ ಅಪಾಯಕಾರಿ: ಯಾವ ಪೂರ್ವ, ಎಷ್ಟು ಪುಟಗಳ ಹಿಂದೆ ಎಂಬುದನ್ನು ಅದು ಹೇಳುವುದೇ ಇಲ್ಲ. ಇದನ್ನು ಪ್ರಬಂಧಗಳಿಂದ ಸಂಪೂರ್ಣವಾಗಿ ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸಂಕ್ಷಿಪ್ತ ಟಿಪ್ಪಣಿಯ ಇನ್ನೊಂದು ತುದಿ ಗ್ರಂಥಸೂಚಿಯಲ್ಲಿದೆ. ಟಿಪ್ಪಣಿಯ ಮೊದಲ ಪದವನ್ನು ಹಿಡಿದೇ ಓದುಗನು ಸೂಚಿಯಲ್ಲಿ ಹುಡುಕುತ್ತಾನೆ. ‘ರೈಸ್’ ವಿಷಯದಲ್ಲಿ ಇದು ಸುಲಭ; ಐದು ಸಂಪುಟಗಳ ಮೈಸೂರು ಗೆಜೆಟಿಯರನ್ನು (1927–30) ಸಂಪಾದಿಸಿದ ಸಿ. ಹಯವದನ ರಾವ್ ಅವರ ವಿಷಯದಲ್ಲಿ ಹಾಗಲ್ಲ. ಟಿಪ್ಪಣಿಯಲ್ಲಿ ‘ರಾವ್’ ಎಂದು ಬರೆದು ಸೂಚಿಯಲ್ಲಿ ‘ಹಯವದನ ರಾವ್, ಸಿ.’ ಎಂದು ‘ಹ’ಕಾರದ ಕೆಳಗಿಟ್ಟರೆ ಕೊಂಡಿ ಕಳಚುತ್ತದೆ. ನಮ್ಮ ಹೆಸರುಗಳಲ್ಲಿ ಪಾಶ್ಚಾತ್ಯರ ಅರ್ಥದ ಕುಲನಾಮ ಅನೇಕವೇಳೆ ಇರುವುದಿಲ್ಲವಾದ್ದರಿಂದ, ಸೂಚಿಯನ್ನು ಮೊದಲು ಸಿದ್ಧಪಡಿಸಿ ಅದರ ತಲೆಪದವನ್ನೇ ಟಿಪ್ಪಣಿಗೆ ತರುವುದು ಕ್ಷೇಮ.

ಜ್ಞಾನಸ್ನಾನದ ದಾಖಲೆ ಪುಸ್ತಕಗಳಂಥ ಅಪ್ರಕಟಿತ ಆಕರಗಳಿಗೆ ಕರ್ತೃವಿಲ್ಲ. ಧರ್ಮಕೇಂದ್ರದ ಹೆಸರೇ ತಲೆಪದವಾಗಬೇಕು. ನಮೂದುಗಳ ಸಂಖ್ಯೆ ಸಾಮಾನ್ಯವಾಗಿ ವರ್ಷವರ್ಷಕ್ಕೂ ಒಂದರಿಂದ ಆರಂಭವಾಗುವುದರಿಂದ ವರ್ಷವನ್ನು ಮರುಉಲ್ಲೇಖದಲ್ಲಿಯೂ ಬಿಡಲಾಗದು: ‘ಕಡೂರು, ಜ್ಞಾನಸ್ನಾನ, 1931, ನಮೂದು 17’. ಚಿಕ್ಕಮಗಳೂರು ಧರ್ಮಕ್ಷೇತ್ರವು ಮೈಸೂರಿನಿಂದ ಬೇರ್ಪಟ್ಟುದು 1963ರಲ್ಲಿ. ಅದಕ್ಕೆ ಮುಂಚಿನ ಪತ್ರವ್ಯವಹಾರವನ್ನು ಉಲ್ಲೇಖಿಸುವವನು ಪತ್ರ ಈಗ ಯಾವ ಪತ್ರಾಗಾರದಲ್ಲಿದೆ ಎಂಬುದನ್ನು ಮೊದಲ ಟಿಪ್ಪಣಿಯಲ್ಲಿ ಹೇಳಲೇಬೇಕು.

ಇಷ್ಟೆಲ್ಲ ವಿವರಣೆಗಳನ್ನು ಹೊರುವ ಟಿಪ್ಪಣಿಗಳು ಎಲ್ಲಿರಬೇಕು? ಪ್ರಬಂಧದಲ್ಲಾದರೆ ಪುಟದ ಅಡಿಯಲ್ಲಿಯೇ. ‘ಅಜ್ಜಂಪುರವು ಆಗ ತರೀಕೆರೆಗೆ ಸೇರಿತ್ತು’ ಎಂಬ ಮಾತು ಶಾಸನದ ಹೆಸರು ಕಂಡ ಕ್ಷಣದಲ್ಲಿ ಬೇಕು, ಎಂಬತ್ತು ಪುಟಗಳ ನಂತರವಲ್ಲ. ಅಂತ್ಯಟಿಪ್ಪಣಿಯಲ್ಲಿ ಸಂಕ್ಷೇಪವು ಓದುಗನನ್ನು ಎರಡು ಬಾರಿ ಅಲೆಸುತ್ತದೆ: ಪಠ್ಯದಿಂದ ಟಿಪ್ಪಣಿಗೆ, ಟಿಪ್ಪಣಿಯಿಂದ ಗ್ರಂಥಸೂಚಿಗೆ. ಆದರೆ ಅಡಿಟಿಪ್ಪಣಿಗೂ ಮಿತಿಯುಂಟು. ಹಳಗನ್ನಡ ಶಾಸನದ ಇಪ್ಪತ್ತು ಸಾಲುಗಳನ್ನು ಅಲ್ಲಿ ತುಂಬಿದರೆ ಟಿಪ್ಪಣಿ ಮುಂದಿನ ಪುಟಕ್ಕೆ ಹರಿದು ಪಠ್ಯವನ್ನು ಮೇಲಕ್ಕೆ ತಳ್ಳುತ್ತದೆ. ಅಂಥ ಪಾಠಕ್ಕೆ ಅನುಬಂಧವೇ ಸ್ಥಳ.

ಅದೇ ಪ್ರಬಂಧವು ಮುಂದೆ ಧರ್ಮಕೇಂದ್ರದ ಶತಮಾನೋತ್ಸವದ ಪುಸ್ತಕವಾದರೆ ಅಂತ್ಯಟಿಪ್ಪಣಿ ಸಮಂಜಸ, ಏಕೆಂದರೆ ಅದನ್ನು ಓದುವ ಭಕ್ತಜನರಲ್ಲಿ ಹೆಚ್ಚಿನವರು ಆಕರ ನೋಡಲು ಬರುವವರಲ್ಲ. ವರ್ಗಾವಣೆಯನ್ನು ಗಣಕಯಂತ್ರ ಕ್ಷಣದಲ್ಲಿ ಮಾಡೀತು. ಉಳಿದ ಕೆಲಸ ಕೈಯದು. ವಿವರಣಾತ್ಮಕ ಟಿಪ್ಪಣಿಗಳನ್ನು ಪಠ್ಯದೊಳಕ್ಕೆ ಸೇರಿಸಬೇಕು, ಅಥವಾ ಕೈಬಿಡಬೇಕು. ಗ್ರಂಥಸೂಚಿ ಇಲ್ಲದ ಪುಸ್ತಕವಾದರೆ ಪ್ರತಿ ಅಧ್ಯಾಯದ ಮೊದಲ ಉಲ್ಲೇಖವನ್ನು ಮತ್ತೆ ಪೂರ್ಣಗೊಳಿಸಬೇಕು. ಸಂಖ್ಯೆಗಳು ಅಧ್ಯಾಯಕ್ಕೊಮ್ಮೆ ಒಂದರಿಂದ ಆರಂಭವಾಗುವುದರಿಂದ, ಟಿಪ್ಪಣಿಪುಟಗಳ ತಲೆಯಲ್ಲಿ ‘ಪುಟ 41–60ರ ಟಿಪ್ಪಣಿಗಳು’ ಎಂದು ಮುದ್ರಿಸಬೇಕು; ಅಧ್ಯಾಯದ ಸಂಖ್ಯೆಯನ್ನು ಮಾತ್ರ ಕೊಟ್ಟರೆ, ತಾನು ಓದುತ್ತಿರುವುದು ಎಷ್ಟನೆಯ ಅಧ್ಯಾಯವೆಂದು ನೋಡಲು ಓದುಗನು ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತದೆ.